ವಿನಯಾ ಅಳೆಯಲು ಹೊರಟ ವಿಳಂಬ

ಮರವಂತೆಯ ವಿನಯಾಳಿಗೆ ಸಿಟ್ಟು ಬಂದರೆ ನಗುವೂ ಜೊತೆಗೇ ಬರುತ್ತಿತ್ತು. ಕುಂದಾಪುರದ ಬಸ್‌ಸ್ಟ್ಯಾಂಡ್ ಹತ್ತಿರ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಆಫೀಸು. ಮುಂಬಯಿಯಿಂದ ವಾಪಸು ಬಂದ ಪ್ರೇಮಾನಂದರು ಅಲ್ಲಿ ಮಂಜುಗಡ್ಡೆ ಕಾರ್ಖಾನೆಗಳಿಗೂ ಮೀನಿನ ವ್ಯಾಪಾರಿಗಳಿಗೂ ಸಾಫ್ಟ್‌ವೇರ್ ಮಾಡಿಸುತ್ತಿದ್ದರು. ಅದು 2015. ಮೀನುಗಾರಿಕೆಯ ಮಳೆಗಾಲದ ರಜೆ ಮುಗಿದು ದೋಣಿಗಳು ಕಡಲಿಗಿಳಿಯುವ ಹೊತ್ತು. ಗಿರಾಕಿಗಳ ಫೋನು ನಿಲ್ಲುತ್ತಿರಲಿಲ್ಲ.

ಆವತ್ತು ಪ್ರೇಮಾನಂದರು ಟ್ರ್ಯಾಕರ್ ತೆರೆದು, ಕೆಲಸಗಳ ಪಟ್ಟಿಯಲ್ಲಿ ಗಡುವು ದಾಟಿ ಕೆಂಪಾದವನ್ನೆಲ್ಲ ತೋರಿಸಿದರು. ಅರ್ಧಕ್ಕರ್ಧ ನಿತೇಶನ ಹೆಸರಲ್ಲಿ.

"ಹ್ವಾಯ್ ನಿತೇಶ್, ಇದ್ ಎಂತ ಮರಾಯಾ?"

ಗುಲ್ವಾಡಿಯ ನಿತೇಶ ಮೆತ್ತಗೆ ಹೇಳಿದ: "ನಾ ಬರ್ದಾಯ್ತ್ ಸರ್. ರಿವ್ಯೂ ಆಯ್ಲಿಲ್ಲೆ."

ಆ ಆಫೀಸಿನಲ್ಲಿ ಬರೆದ ಕೋಡನ್ನು ನೇರ ಸೇರಿಸುವಂತಿರಲಿಲ್ಲ. ಸೇರಿಸಿಕೊಳ್ಳಿ ಎಂಬ ಕೋರಿಕೆ, ಅಂದರೆ ಪುಲ್ ರಿಕ್ವೆಸ್ಟ್ ಹಾಕಿ, ಅದಕ್ಕೆ ಹೆಸರಿಸಿದ ಜೊತೆಯವರೊಬ್ಬರು ಓದಿ ಒಪ್ಪಿ ರಿವ್ಯೂ ಮುಗಿಸಿದ ಮೇಲೆ ಮಾತ್ರ.

"ಅದೆಲ್ಲ ನೆವ!" ವಿನಯಾ ಎದ್ದೇ ನಿಂತಳು. ಅವನ ಕೆಲಸ ಮುಗಿಯದೆ ಅವಳದ್ದೂ ನಿಂತಿತ್ತು. "ನಾನ್ ಅಳ್ದ್ ತೋರ್ಸ್ತೆ ಸರ್. ತಡ ಎಲ್ಲಿ ಅಂದೇಳಿ ಗೊತ್ತಾಯ್ಲಿ."

ಪಕ್ಕದ ಕುರ್ಚಿಯ ಮೋಕ್ಷಿತಾ ಕಿಸಕ್ಕೆಂದಳು.

ಅಳೆಯುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಪ್ರತಿ ಪುಲ್ ರಿಕ್ವೆಸ್ಟ್ ಯಾವಾಗ ತೆರೆಯಿತು, ಬರೆದವನಲ್ಲದ ಬೇರೆಯವರು ಯಾವಾಗ ಮೊದಲ ಉತ್ತರ ಕೊಟ್ಟರು, ಯಾವಾಗ ಸೇರಿತು, ಇವನ್ನೆಲ್ಲ ಒಂದು ಸಣ್ಣ ಪ್ರೋಗ್ರಾಮ್ ಬರೆದು ಎಳೆದುಕೊಂಡಳು. ಮೊದಲ ಸಲ ನೋಡಿದರೆ ಎಲ್ಲರೂ ಬೆಳಗಿನ ಜಾವ ಕೂತು ರಿವ್ಯೂ ಮಾಡಿದಂತಿತ್ತು! ಸರ್ವರಿನ ಸಮಯ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ ಎಂದು ನೆನಪಾಗಿ ಒಬ್ಬಳೇ ನಕ್ಕಳು. ಭಾನುವಾರಗಳನ್ನೂ ಆಫೀಸು ಮುಚ್ಚಿದ ಹೊತ್ತನ್ನೂ ಲೆಕ್ಕದಿಂದ ಕಳೆದಳು. ಒಂದೆರಡು ದೈತ್ಯ ತಡಗಳು ಸರಾಸರಿಯನ್ನು ಎಳೆದಾಡುತ್ತಿದ್ದವು. ಹಾಗಾಗಿ ಕಾಯುವ ಅವಧಿಗಳನ್ನು ಸಾಲಾಗಿ ನಿಲ್ಲಿಸಿ ನಟ್ಟನಡುವಿನದನ್ನು ತೆಗೆದುಕೊಂಡಳು. ತಲೆಬರಹದಲ್ಲಿದ್ದ ಟ್ರ್ಯಾಕರ್ ಸಂಖ್ಯೆ ಹಿಡಿದು ಪ್ರತಿಯೊಂದು ಪುಲ್ ರಿಕ್ವೆಸ್ಟನ್ನೂ ಅದರ ಕೆಲಸಕ್ಕೆ ಜೋಡಿಸಿದಳು. ಸಂಖ್ಯೆ ಬರೆಯದೆ ಬಿಟ್ಟವರನ್ನು ಹೆಸರು ಹಿಡಿದು ಬೈದಳು.

ಜೋಡಿಸಿದ್ದೇ ತಡ, ಉತ್ತರ ಎದ್ದು ಕೂತಿತು. ತಡವಾದ ಕೆಲವು ಕೆಲಸಗಳು ಗಿರಾಕಿಯ ಉತ್ತರಕ್ಕೆ ಕಾದಿದ್ದವು, ಅದು ರಿವ್ಯೂವಿನ ತಪ್ಪಲ್ಲ. ಆದರೆ ನಿತೇಶನವು? ಬರೆಯುವುದಕ್ಕೆ ಹಿಡಿದ ಹೊತ್ತು ಎಲ್ಲರಷ್ಟೇ. ಉಳಿದದ್ದೆಲ್ಲ ಮೊದಲ ಉತ್ತರಕ್ಕೆ ಕಾದ ಹೊತ್ತು.

ಕಾಯಿಸಿದವರು ಯಾರು? ಒಂದೇ ಹೆಸರು ಮತ್ತೆ ಮತ್ತೆ. ವಿನಯಾ. ವಿನಯಾ. ವಿನಯಾ.

ಅವಳ ಕಿವಿ ಬಿಸಿಯಾಯಿತು. ಬೇರೆಯವರ ಕೋಡನ್ನು ಅವಳು ಚಹಾ ಕುಡಿಯುತ್ತಲೇ ಓದಿ ಮುಗಿಸುತ್ತಿದ್ದಳು. ನಿತೇಶನದ್ದು ಬಂದರೆ ಮಾತ್ರ, ಇದಕ್ಕೆ ಚೆಂದದ ಮಾತು ಬರೆಯಬೇಕು, ದಡ್ಡಿ ಅನ್ನಿಸಿಕೊಳ್ಳಬಾರದು ಎಂದು ನಾಳೆಗಿಡುತ್ತಿದ್ದಳು. ಆ ನಾಳೆ ಬರುತ್ತಲೇ ಇರಲಿಲ್ಲ.

ಮರುದಿನ ಎಲ್ಲರೆದುರು ಪರದೆಯ ಮೇಲೆ ಅದನ್ನೇ ಹಾಕಿದಳು. ಮುಚ್ಚಿಡಲು ಮನಸ್ಸಾಗಲಿಲ್ಲ. "ತಪ್ಪು ನಂದೇ ಸರ್," ಎಂದು ಹೊಟ್ಟೆ ಹಿಡಿದು ನಕ್ಕಳು. ಪ್ರೇಮಾನಂದರು ಕನ್ನಡಕ ತೆಗೆದು ಒರೆಸಿಕೊಂಡರು.

"ತಡಿ ತಡಿ," ಮೋಕ್ಷಿತಾ ಪರದೆಯ ಹತ್ತಿರ ಓಡಿದಳು. "ಈ ಕಡಿ ಕಾಣಿ! ನನ್ ಕೋಡ್ ಅರ್ಧ ದಿನ ಕಾಯ್ಕ್. ವಿನಯಾಂದ್ ಹಾಕಿದ್ ಕೂಡ್ಲೆ ನಿತೇಶನ ಉತ್ರ! ಪ್ರತೀ ಸಲ!"

ನಿತೇಶ ಕೀಬೋರ್ಡ್ ನೋಡುತ್ತ ಕೂತ. ಅವನ ಕುತ್ತಿಗೆಯವರೆಗೂ ಕೆಂಪೇರಿತ್ತು.

"ಎಂತ ಮರಾಯಾ ಇದ್?" ಪ್ರೇಮಾನಂದರು ಎರಡನೆಯ ಸಲ ಕೇಳಿದರು. ಈ ಸಲ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆಫೀಸಿಗೆ ಆಫೀಸೇ ಮೇಜು ಬಡಿದು ನಕ್ಕಿತು.

ಆಮೇಲೆ ಪ್ರೇಮಾನಂದರು ಒಂದು ಕಟ್ಟುಪಾಡು ಮಾಡಿದರು. ಬೆಳಿಗ್ಗೆ ಬಂದವರು ಹೊಸ ಕೋಡ್ ಬರೆಯುವ ಮೊದಲು ಕಾದಿರುವ ರಿವ್ಯೂ ಮುಗಿಸಬೇಕು. ಒಬ್ಬರಿಂದ ಆಗದಿದ್ದರೆ ಮಧ್ಯಾಹ್ನದೊಳಗೆ ಇನ್ನೊಬ್ಬರಿಗೆ ದಾಟಿಸಬೇಕು. ಪುಲ್ ರಿಕ್ವೆಸ್ಟ್‌ಗಳು ಚಿಕ್ಕದಾಗಿರಬೇಕು. ದೀಪಾವಳಿಯ ಹೊತ್ತಿಗೆ ವಿನಯಾ ಮತ್ತೆ ಅಳೆದಳು. ಕಾಯುವ ಹೊತ್ತು ಇಳಿದಿತ್ತು, ಅದರ ಹಿಂದೆಯೇ ಟ್ರ್ಯಾಕರ್‌ನ ಕೆಂಪೂ ಇಳಿದಿತ್ತು. ಗಿರಾಕಿಗಳಿಗೆ ಕಾದವು ಮಾತ್ರ ಇದ್ದಲ್ಲೇ ಇದ್ದವು.

ಆ ಸಂಜೆ ಮೆಟ್ಟಿಲಿಳಿಯುವಾಗ ನಿತೇಶ ಕೇಳಿದ: "ಮರವಂತೆ ಬಸ್ಸಿಗಾ? ನಾನೂ ಬತ್ತೆ."

"ಗುಲ್ವಾಡಿ ಆ ಬದಿ ಅಲ್ಲ ಅಲ್ದಾ?"

"ಅಲ್ಲ," ಎಂದ ಅವನು. ಬಸ್ಸು ಬಂತು, ಇಬ್ಬರೂ ಹತ್ತಿದರು. ತ್ರಾಸಿ ದಾಟಿ ಕಡಲು ಕಾಣುವವರೆಗೂ ಇಬ್ಬರೂ ಸುಮ್ಮಸುಮ್ಮನೆ ನಗುತ್ತಲೇ ಇದ್ದರು. ಕಂಡಕ್ಟರ್ ಎರಡು ಸಲ ಟಿಕೆಟ್ ಕೇಳಬೇಕಾಯಿತು.