ಬೇಡ ಎಂದರೂ ಒಂದು ಅಂಕ

ನಿನ್ನೆ ಸಂಜೆ ಮಾರೇನಹಳ್ಳಿಯ ಕಾಂಡಿಮೆಂಟ್ಸ್ ಅಂಗಡಿಯೊಂದರಲ್ಲಿ ಚಕ್ಕುಲಿ ತೂಗಿಸಿಕೊಳ್ಳುತ್ತಿದ್ದೆ. ಒಳಗೆ ಎಲ್ಲೋ ಬೆಲ್ಲದ ಪಾಕ ಕುದಿಯುತ್ತಿತ್ತು. ಅಂಗಡಿಯಾತ ಗಾಜಿನ ಡಬ್ಬಿಯ ಮುಚ್ಚಳ ತೆಗೆದು, ಒಂದು ಕಡಲೆಮಿಠಾಯಿಯನ್ನು ನನ್ನ ಮುಂದೆ ಹಿಡಿದ. "ಇವತ್ತು ಮಾಡಿದ್ದು ಮೇಡಂ, ಇನ್ನೂ ಬೆಚ್ಚಗಿದೆ. ಒಂದು ರುಚಿ ನೋಡಿ." ನಾನು ಏನು ಉತ್ತರಿಸಿದೆ ಎಂಬುದನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು ನೀವು ನನ್ನೊಡನೆ ಮೂರು ವರ್ಷ ಹಿಂದಕ್ಕೆ, ನಾಗರಬಾವಿಯ ಮನೆಯೊಂದರ ಎರಡನೇ ಮಹಡಿಗೆ ಹತ್ತಿಬರಬೇಕು. ಮೆಟ್ಟಿಲು ಕಡಿದಾಗಿವೆ, ಕ್ಷಮಿಸಿ.

ಆ ಮನೆಯಲ್ಲಿ ನಾವಿಬ್ಬರು ಬಾಡಿಗೆಗಿದ್ದೆವು, ನಾನು ಮತ್ತು ಶಿವಲೀಲಾ. ಅವಳು ದಾವಣಗೆರೆಯವಳು, ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್. ಬೇರೆಯವರು ಕಟ್ಟಿದ್ದು ಎಲ್ಲಿ ಮುರಿಯುತ್ತದೆ ಎಂದು ಹುಡುಕಿ, ವರದಿ ಬರೆಯುವುದು ಅವಳ ಕಸುಬು. ನಾನು ಜ್ಞಾನಭಾರತಿಯಲ್ಲಿ ಕನ್ನಡ ಎಂ.ಎ. ಮುಗಿಸಿ, ಪ್ರತಿರೋಧದ ಬಗ್ಗೆ ದಪ್ಪನೆಯ ಪ್ರಬಂಧ ಬರೆದು, ವಿಭಾಗದ ಮೆಟ್ಟಿಲ ಮೇಲೆ ಗಂಟಲು ಹರಿಯುವಂತೆ ಘೋಷಣೆ ಕೂಗಿ, ಆಮೇಲೆ ಮೊಬೈಲ್ ಆ್ಯಪ್ ಒಂದಕ್ಕೆ ಪ್ರೇಮಕಥೆ ಬರೆಯುವ ನೌಕರಿಗೆ ಸೇರಿದ್ದೆ. ಪ್ರತಿರೋಧಕ್ಕೂ ಬಾಡಿಗೆ ಕಟ್ಟಬೇಕಾಗುತ್ತದೆ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಳ್ಳುತ್ತಿದ್ದೆ.

ಕಥೆಗಳು ಬರೀ ಓದುವಂಥವಲ್ಲ, ಓದುಗರೇ ನಡೆಸುವಂಥವು. ಪರದೆಯ ಮೇಲೆ ನಾಲ್ಕೈದು ಸಾಲು. ಕೆಳಗೆ ಎರಡೋ ಮೂರೋ ಉತ್ತರ. ಯಾವುದನ್ನು ಒತ್ತುತ್ತಾರೋ ಕಥೆ ಆ ಕಡೆಗೆ ಹೊರಳುತ್ತದೆ. ನನಗೆ ಕೊಟ್ಟ ದೃಶ್ಯದಲ್ಲಿ ಓದುಗರೇ ಅನಘಾ ಎಂಬ ಸಾಫ್ಟ್‌ವೇರ್ ಉದ್ಯೋಗಿಯಾಗುತ್ತಾರೆ. ಎದುರಿಗೆ ಅವಳ ಸಹೋದ್ಯೋಗಿ ವಿವೇಕ್. ಶುಕ್ರವಾರ ಸಂಜೆ ಬಿಡುಗಡೆಯಾಗಬೇಕಿದ್ದ ಪ್ರೋಗ್ರಾಂ ಕೆಟ್ಟು ನಿಂತಿದೆ, ಇಬ್ಬರೂ ಎರಡು ಗಂಟೆ ಕೂತು ಸರಿಪಡಿಸಬೇಕು. ಆ ಎರಡು ಗಂಟೆಯಲ್ಲಿ ಪ್ರೇಮ ಮೆಲ್ಲಗೆ ಕಾವೇರಬೇಕು. ಕಚೇರಿಯಲ್ಲಿ ಅದಕ್ಕೆ 'ಸ್ಲೋ ಬರ್ನ್' ಎನ್ನುತ್ತಿದ್ದರು. ನಾನು ಸಣ್ಣ ಉರಿ ಎನ್ನುತ್ತಿದ್ದೆ.

ಸಣ್ಣ ಉರಿಗೂ ವ್ಯಾಕರಣವಿದೆ. ಒಂದು ಹೆಜ್ಜೆ ಮುಂದಿಟ್ಟರೆ ಅರ್ಧ ಹೆಜ್ಜೆ ಹಿಂದೆ ಬರಬೇಕು. ಎರಡು ಆಪ್ತ ಕ್ಷಣಗಳ ನಡುವೆ ಕನಿಷ್ಠ ನಾಲ್ಕು ಪರದೆಗಳಷ್ಟು ಅಪ್ಪಟ ಕೆಲಸ ಇರಬೇಕು: ದೋಷ ಯಾವ ಸಾಲಿನಲ್ಲಿದೆ, ನಿನ್ನೆ ಅದನ್ನು ಬದಲಿಸಿದವರು ಯಾರು, ಮತ್ತೆ ಓಡಿಸಿದರೆ ಏನಾಗುತ್ತದೆ. ಅಡ್ಡಿಯೂ ಕೆಲಸದಿಂದಲೇ ಬರಬೇಕು. ಇಬ್ಬರ ಕಣ್ಣು ಕೂಡುವಾಗ ಪ್ರೋಗ್ರಾಮಿನ ಪರೀಕ್ಷೆ ವಿಫಲವಾಗಿ ಪರದೆ ಕೆಂಪಾದರೆ ಓದುಗರು ನಂಬುತ್ತಾರೆ. ಸುಮ್ಮನೆ ಫೋನು ಹೊಡೆದುಕೊಂಡರೆ ನಂಬುವುದಿಲ್ಲ. 'ನೀವು' ಎನ್ನುತ್ತಿದ್ದವರು 'ನೀನು' ಎನ್ನುವುದು ಒಂದು ದೊಡ್ಡ ಬಾಗಿಲು. ಅದನ್ನು ದೃಶ್ಯದ ನಡುವೆಯೇ ಇಡಬೇಕು, ಮೊದಲಲ್ಲಿ ಖರ್ಚು ಮಾಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಸಲ ಅವನು ಹತ್ತಿರ ಬಂದರೆ ಇನ್ನೊಂದು ಸಲ ಅವಳು ಬರಬೇಕು. ಇಬ್ಬರಿಗೂ ಬೇಕಾಗಿ, ಇಬ್ಬರೂ ತಡೆದುಕೊಂಡಾಗ ಹುಟ್ಟುವ ನಿಧಾನ ಮಾತ್ರ ಪ್ರೇಮದ ನಿಧಾನ. ಇದು ನನಗೆ ಆಗಲೇ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ದಾರಿ ನನಗಿಲ್ಲ.

ಪರದೆಯ ಹಿಂದೆ ಇದೆಲ್ಲವನ್ನೂ ನಡೆಸುವುದು ಅಂಕಗಣಿತ. ಓದುಗರಿಗೆ ಕಾಣದ ಒಂದು ಎಣಿಕೆ ಇತ್ತು, ಅದಕ್ಕೆ 'ಸಲುಗೆ' ಎಂದು ಹೆಸರಿಟ್ಟಿದ್ದೆ. ಬೆಚ್ಚಗಿನ ಉತ್ತರಕ್ಕೆ ಎರಡು ಅಂಕ, ಮೌನಕ್ಕೆ ಒಂದು, ನಿರಾಕರಣೆಗೆ ಸೊನ್ನೆ. ದೃಶ್ಯದ ತುದಿಯಲ್ಲಿ ಟೆರೇಸು. ಅಲ್ಲಿ ವಿವೇಕ್ ಮನಸ್ಸು ಬಿಚ್ಚುತ್ತಾನೆ. ಆ ಬಾಗಿಲಿಗೆ ಎರಡು ಬೀಗ: ಹತ್ತು ಆಯ್ಕೆಗಳು ಮುಗಿದಿರಬೇಕು, ಸಲುಗೆ ಹತ್ತು ಮುಟ್ಟಿರಬೇಕು. ಮೊದಲ ಬೀಗ ಆತುರದ ಓದುಗರನ್ನು ತಡೆಯಲು, ಎರಡನೆಯದು ಮನಸ್ಸಿಲ್ಲದವರನ್ನು ಕಾಪಾಡಲು. ಪ್ರತಿ ಕವಲನ್ನೂ ಕೊನೆಯವರೆಗೆ ಬರೆಯಲು ಯಾರಿಂದಲೂ ಆಗದು, ಕವಲುಗಳು ಸಾವಿರವಾಗುತ್ತವೆ. ಆದ್ದರಿಂದ ಅವು ಒಂದೆರಡು ಪರದೆ ಬೇರೆ ನಡೆದು ಮತ್ತೆ ಒಂದೇ ದಾರಿಗೆ ಸೇರುತ್ತವೆ. ನೀವು ಏನು ಹೇಳಿದಿರಿ ಎಂಬುದರ ನೆನಪು ಉಳಿಯುವುದು ಆ ಎಣಿಕೆಯಲ್ಲಿ ಮಾತ್ರ. ಮೂರು ಸಲ ಬೇಡ ಎಂದವರಿಗಾಗಿ ನಾನು ಬೇರೆಯದೇ ಮುಕ್ತಾಯ ಬರೆದಿದ್ದೆ. ವಿವೇಕ್ ಹಿಂದೆ ಸರಿಯುತ್ತಾನೆ, ಇಬ್ಬರೂ ದೋಷ ಸರಿಪಡಿಸುತ್ತಾರೆ, 'ಸೋಮವಾರ ನೋಡೋಣ' ಎಂದು ಮೆಟ್ರೋ ಹತ್ತುತ್ತಾರೆ.

ಸಂಪಾದಕ ಕೇಶವ್ ಅದನ್ನು ಓದಿ ಮೂಗು ಮುರಿದರು. "ಇದೇನಮ್ಮ, ಬಗ್ ಫಿಕ್ಸ್ ಮಾಡಿ ಮನೆಗೆ ಹೋದ್ರು ಅಂತ. ಇದನ್ನ ಯಾರು ಓದ್ತಾರೆ?"

"ಬೇಡ ಅಂದವರು ಓದ್ತಾರೆ ಸಾರ್."

"ಬೇಡ ಅನ್ನೋದೂ ಒಂದು ಟೆನ್ಶನ್ ಅಲ್ವಾ? ಅದಕ್ಕೂ ಒಂದಂಕ ಕೊಡು. ಕಥೆ ನಿಲ್ಲಬಾರದು ಅಷ್ಟೇ."

ಒಂದಂಕ ಕೊಟ್ಟೆ. ಸೊನ್ನೆಯನ್ನು ಅಳಿಸಿ ಒಂದು ಎಂದು ಬರೆಯಲು ಎಷ್ಟು ಹೊತ್ತು ಬೇಕು? ಮೆಟ್ರೋದ ಮುಕ್ತಾಯವನ್ನೂ ನಾನೇ ಕಿತ್ತುಹಾಕಿದೆ. ಮೆಟ್ಟಿಲ ಮೇಲೆ ಘೋಷಣೆ ಕೂಗಿದ ಗಂಟಲು ಅಂದು "ಆಯ್ತು ಸಾರ್" ಎಂದಿತು.

ಸಾಫ್ಟ್‌ವೇರ್ ಕಚೇರಿಯ ಒಳಗನ್ನೇ ನೋಡಿರದ ನನಗೆ ವಿವರಗಳು ಬಂದದ್ದು ಶಿವಲೀಲಾಳಿಂದ. ಪ್ರತಿ ಸಂಜೆ ಅವಳು ಕಾಲು ಚಾಚಿ ಕೂತು ತನ್ನ ದಿನವನ್ನು ಹೇಳುತ್ತಿದ್ದಳು. ನಾನು ತಾರೀಕು ಹಾಕಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಅವಳ ತಂಡದ ಮುಖ್ಯಸ್ಥ ದಿನಾ ಅವಳ ಕೀಬೋರ್ಡಿನ ಮೇಲೆ ಒಂದು ಕಡಲೆಮಿಠಾಯಿ ಇಟ್ಟು ಹೋಗುತ್ತಿದ್ದ. ಅವಳ ಕುರ್ಚಿಯನ್ನು ತನ್ನ ಪಕ್ಕಕ್ಕೆ ಹಾಕಿಸಿಕೊಂಡ. ವರದಿ ಪರಿಶೀಲಿಸುವ ನೆಪದಲ್ಲಿ, ಹಸಿರು ಬಣ್ಣ ನಿಮಗೆ ಒಪ್ಪುತ್ತೆ ಎಂದು ಅದರ ಅಂಚಿನಲ್ಲಿ ಬರೆದ.

"ಬೇಡ ಸಾರ್ ಅಂದೆ ಕಣೇ. ನಾಳೆ ತಿನ್ನಿ ಅಂತ ಡ್ರಾಯರ್‌ನಲ್ಲಿ ಇಟ್ಟು ಹೋದ. ಏನ್ ಜನಾನೋ."

ಅವಳು ದೂರು ಹೇಳುತ್ತಿದ್ದಳು. ನಾನು ದೃಶ್ಯ ಕೇಳಿಸಿಕೊಳ್ಳುತ್ತಿದ್ದೆ. ಕಡಲೆಮಿಠಾಯಿ ಎಷ್ಟು ಚೆಂದದ ವಿವರ ಎನ್ನಿಸಿ, ಅದನ್ನು ವಿವೇಕನ ಕೈಗೆ ಕೊಟ್ಟೆ.

ದೃಶ್ಯ ಸಿದ್ಧವಾದಾಗ ಮೊದಲು ತೋರಿಸಿದ್ದೂ ಅವಳಿಗೇ. ಭಾನುವಾರ ಬೆಳಿಗ್ಗೆ, ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟು ಮೊಬೈಲ್ ಹಿಡಿದಳು. ಅರ್ಧ ಗಂಟೆ ಒತ್ತುತ್ತಲೇ ಇದ್ದಳು. ಆಮೇಲೆ ಹಾಳೆಯೊಂದರ ಮೇಲೆ ತನ್ನ ಕಸುಬಿನ ರೂಢಿಯಂತೆ ಮೂರು ಸಾಲು ಬರೆದು ನನ್ನ ಮುಂದಿಟ್ಟಳು.

'ಮಾಡಿದ್ದು: ಎಲ್ಲ ಕಡೆಯೂ ಬೇಡ ಎಂದು ಒತ್ತಿದೆ. ಆಗಬೇಕಾದದ್ದು: ವಿವೇಕ್ ನಿಲ್ಲಿಸಬೇಕು. ಆದದ್ದು: ಹತ್ತನೇ ಬೇಡಕ್ಕೆ ಟೆರೇಸಿನ ಬಾಗಿಲು ತೆರೆಯಿತು.'

ನಾನು ನಕ್ಕೆ. "ಅದು ಬಗ್ ಅಲ್ಲ ಕಣೇ. ಡಿಸೈನೇ ಹಾಗೆ."

ಅವಳು ನಗಲಿಲ್ಲ. "ನಮ್ಮ ಡೆವಲಪರ್‌ಗಳೂ ಹಿಂಗೇ ಅಂತಾರೆ," ಎಂದಳು. ಹಾಳೆಯನ್ನು ನನ್ನ ಕಡೆಗೆ ಇನ್ನಷ್ಟು ಸರಿಸಿ ಕೇಳಿದಳು: "ಅವನಿಗೆ ನಾನು ಎಷ್ಟು ಸಲ ಬೇಡ ಅಂದಿದೀನಿ ಅಂತ ಎಣಿಸಿದೀಯಾ? ನನಗೆ ಟೆರೇಸು ಯಾವಾಗ ಬರುತ್ತೆ?"

ತಟ್ಟೆಯಲ್ಲಿ ಉಪ್ಪಿಟ್ಟು ಆರಿತ್ತು. ನಾನು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಮರುದಿನ ಅವಳು ಮುಖ್ಯಸ್ಥನ ಮೇಲೆ ಕಂಪನಿಯ ಆಂತರಿಕ ಸಮಿತಿಗೆ ದೂರು ಕೊಟ್ಟಳು. ಸಮಿತಿಯವರು ಕೇಳಿದರಂತೆ: ನೀವು ಸ್ಪಷ್ಟವಾಗಿ ನಿರಾಕರಿಸಿದ್ದು ಯಾವ ದಿನ, ದಾಖಲೆ ಇದೆಯೇ? ಎದುರಿಗೆ ಬಾಯಲ್ಲಿ ಹೇಳಿದ್ದಕ್ಕೆ ದಾಖಲೆ ಎಲ್ಲಿಂದ ಬರಬೇಕು? ಆದರೆ ಅಂದು ಅವಳು ಗೆಲುವಾಗಿಯೇ ಮೆಟ್ಟಿಲು ಹತ್ತಿಬಂದಳು. "ಲೇ, ನಿನ್ನ ನೋಟ್‌ಬುಕ್ ಕೊಡು! ದಿನಾ ತಾರೀಕು ಹಾಕಿ ಬರ್ಕೋತಿದ್ಯಲ್ಲ. ಅದೇ ಸಾಕು ನನಗೆ."

ಕೊಟ್ಟೆ. ಕೊಡುವಾಗ ನನ್ನೊಳಗೂ ಒಂದು ಸಣ್ಣ ಹೆಮ್ಮೆ ಇತ್ತು. ಕೊನೆಗೂ ನನ್ನ ಬರಹ ಒಬ್ಬರ ನೆರವಿಗೆ ಬಂತಲ್ಲ ಎಂದು. ಅವಳು ನಿಂತೇ ಓದತೊಡಗಿದಳು. ಎರಡನೇ ಪುಟ, ಮೂರನೇ ಪುಟ. ತಾರೀಕುಗಳೆಲ್ಲ ಸರಿಯಾಗಿದ್ದವು. ಪುಟ ತಿರುಗಿಸುವ ಬೆರಳು ನಿಂತಿತು. ಅವಳು ಒಂದು ಸಾಲನ್ನು ಗಟ್ಟಿಯಾಗಿ ಓದಿದಳು.

"'ಬೇಡ ಎಂದಳು, ಆದರೆ ಮುಖ ತಿರುಗಿಸಿ ನಕ್ಕಳು.' ನಾನು ಯಾವಾಗ ನಕ್ಕೆ?"

ಅವಳು ನಕ್ಕಿರಲಿಲ್ಲ. ನಗಿಸಿದ್ದು ನಾನು. ಸಣ್ಣ ಉರಿಗೆ ಅಲ್ಲೊಂದು ನಗು ಬೇಕಾಗಿತ್ತು. ಮುಂದಿನ ಪುಟದಲ್ಲಿ 'ದನಿಯಲ್ಲಿ ಬಿಗಿ ಇರಲಿಲ್ಲ' ಎಂದಿತ್ತು, ಅದರ ಮುಂದೆ 'ಡ್ರಾಯರ್ ತೆರೆದು ಒಂದು ಕ್ಷಣ ನೋಡುತ್ತ ನಿಂತಳು' ಎಂದಿತ್ತು. ಅವಳ ಮಾತೂ ನನ್ನ ಕಲ್ಪನೆಯೂ ಒಂದೇ ಶಾಯಿಯಲ್ಲಿ, ಒಂದೇ ಅಕ್ಷರದಲ್ಲಿ ಬೆರೆತುಹೋಗಿದ್ದವು. ಅವಳ ಬೇಡಕ್ಕಿದ್ದ ಏಕೈಕ ಲಿಖಿತ ಸಾಕ್ಷಿಯನ್ನು ನಾನೇ ಆ ಮನುಷ್ಯನ ಪರವಾಗಿ ತಿದ್ದಿಟ್ಟಿದ್ದೆ.

"ಬೇರೆ ಬರೆದುಕೊಡ್ತೀನಿ, ನಾನೇ ಬಂದು ಹೇಳ್ತೀನಿ," ಎಂದೆ.

"ಏನಂತ ಹೇಳ್ತೀಯ? ಆವತ್ತೇ ಏನಾದ್ರೂ ಬರೆದಿಟ್ಟಿದ್ರಾ ಅಂತ ಕೇಳಿದ್ರೆ?" ಅವಳು ನೋಟ್‌ಬುಕ್ಕನ್ನು ಮುಚ್ಚಿ ಗ್ಯಾಸ್ ಒಲೆಯ ಪಕ್ಕದಲ್ಲಿಟ್ಟಳು. ಹರಿಯಲಿಲ್ಲ, ಎಸೆಯಲಿಲ್ಲ. ಎಸೆದಿದ್ದರೆ ನನಗೆ ಹಗುರವಾಗುತ್ತಿತ್ತು.

ಸಮಿತಿಯ ಪತ್ರ ಬಂತು: ಸ್ಪಷ್ಟ ನಿರಾಕರಣೆಗೆ ದಾಖಲೆಯಿಲ್ಲ, ಸಹಜ ಸೌಹಾರ್ದವನ್ನು ತಪ್ಪಾಗಿ ಗ್ರಹಿಸಿರುವ ಸಾಧ್ಯತೆಯಿದೆ. ಮುಖ್ಯಸ್ಥ ತನ್ನ ಕುರ್ಚಿಯಲ್ಲೇ ಉಳಿದ. ಶಿವಲೀಲಾ ಕೆಲಸ ಬಿಟ್ಟಳು, ಆ ತಿಂಗಳೇ ಮನೆಯನ್ನೂ ಬಿಟ್ಟಳು. ಕೆಂಗೇರಿಯ ಕಡೆ ಇದ್ದಾಳೆಂದು ಕೇಳಿದ್ದೇನೆ. ಎರಡು ಸಲ ಫೋನು ಮಾಡಿದೆ, ಎತ್ತಲಿಲ್ಲ. ಮೂರನೇ ಸಲ ಮಾಡಲಿಲ್ಲ. ಅಷ್ಟನ್ನಾದರೂ ನಾನು ಕಲಿಯಬೇಕಿತ್ತು.

ಆ ಸಮಿತಿಯವರನ್ನು ನಾನು ಇವತ್ತಿಗೂ ಕೇಳುತ್ತೇನೆ: ಅವಳು ಯಾವ ದಿನ ಬೇಡ ಎಂದಳು ಎಂದು ಕೇಳಿದಿರಲ್ಲ, ಅವನು ಅದನ್ನು ಕೇಳಿಸಿಕೊಂಡೂ ಎಷ್ಟು ಸಲ ಮಿಠಾಯಿ ಇಟ್ಟು ಹೋದ ಎಂದು ಏಕೆ ಎಣಿಸಲಿಲ್ಲ? ಕೇಶವ್ ಅವರನ್ನೂ ಕೇಳಿದ್ದೆ, ಒಂದನ್ನು ಮತ್ತೆ ಸೊನ್ನೆ ಮಾಡಿ ಎಂದು. "ಓದುಗರಿಗೆ ಹಿಡಿಸಿಬಿಟ್ಟಿದೆಯಲ್ಲಮ್ಮ, ಈಗ್ಯಾಕೆ ಮುಟ್ಟೋದು?" ಎಂದರು. ನಾನು ನೌಕರಿ ಬಿಟ್ಟೆ. ದೃಶ್ಯ ಅಲ್ಲೇ ಇದೆ, ನಾನು ಕಟ್ಟಿದ ಹಾಗೆಯೇ. ನೀವು ಇದನ್ನು ಓದುತ್ತಿರುವ ಹೊತ್ತಿನಲ್ಲೂ ಯಾರೋ ಬೇಡ ಎಂದು ಒತ್ತುತ್ತಿರಬಹುದು, ಪರದೆಯ ಹಿಂದೆ ಅಂಕವೊಂದು ಏರುತ್ತಿರಬಹುದು. ಆ ಒಂದಂಕವನ್ನು ಕೊಡು ಎಂದವರು ಕೇಶವ್. ಕೊಟ್ಟವಳು ನಾನು. ಈ ಎರಡು ವಾಕ್ಯಗಳಲ್ಲಿ ಎರಡನೆಯದನ್ನು ಬರೆಯಲು ನನಗೆ ಮೂರು ವರ್ಷ ಹಿಡಿಯಿತು.

ಈಗ ಅಂಗಡಿಗೆ ಬನ್ನಿ. ಆತನ ಕೈ ಇನ್ನೂ ಚಾಚಿಯೇ ಇತ್ತು, ಬೆಲ್ಲದ ವಾಸನೆ ಮೂಗಿಗೆ ಬಡಿಯುತ್ತಿತ್ತು.

"ಬೇಡ," ಎಂದೆ. ದನಿ ನಡುಗಿತು; ನಗು ಬಂದಿತೇನೋ, ನನಗೇ ಗೊತ್ತಿಲ್ಲ.

"ಸರಿ ಮೇಡಂ." ಆತ ಮಿಠಾಯಿಯನ್ನು ಡಬ್ಬಿಗೆ ಹಾಕಿ, ಮುಚ್ಚಳ ಬಿಗಿಮಾಡಿ, ಚಕ್ಕುಲಿಯ ಪೊಟ್ಟಣಕ್ಕೆ ದಾರ ಸುತ್ತತೊಡಗಿದ.