ಕಲಕಬಾರದ ಡಬ್ಬಿ

ಗುಂಡ್ಲುಪೇಟೆಯ ಹೆದ್ದಾರಿ ಬದಿಯಲ್ಲಿ ಮೊಬೈಲ್ ಅಂಗಡಿಗಳು ಒಂದೊಂದಾಗಿ ಬಾಗಿಲು ತೆರೆಯುತ್ತಿದ್ದ ಕಾಲ. ಮೈಸೂರಿನಿಂದ ವರ್ಗವಾಗಿ ಬಂದ ನಮ್ಮ ಮ್ಯಾನೇಜರು ತಮ್ಮ ಮನೆಯ ಹಳೆಯ ಮೈಕ್ರೋವೇವ್ ಓವನ್ನನ್ನು ಕಚೇರಿಗೆ ದಾನ ಮಾಡಿದರು. ನಾವು ಅದಕ್ಕೆ ವಿಭೂತಿ ಬಳಿದು, ಹೂ ಮುಡಿಸಿ, ಕಾಯಿ ಒಡೆದೆವು. ಅದರ ಜೊತೆ ಬಂದಿದ್ದ ಪುಸ್ತಕವನ್ನು ಮಾತ್ರ ಯಾರೂ ಓದಲಿಲ್ಲ. ನಾನು ಗುಮಾಸ್ತ, ಓದುವುದೇ ನನ್ನ ಕೆಲಸ, ಆದರೂ ಓದಲಿಲ್ಲ.

ಓವನ್ನಿನ ಉಸ್ತುವಾರಿ ಕಸ ಗುಡಿಸಿ ಟೀ ಕೊಡುತ್ತಿದ್ದ ದಿನಗೂಲಿ ಅಕ್ಕನ ಪಾಲಿಗೆ ಬಂತು. ಆಕೆ ಡಬ್ಬಿಗಳನ್ನು ಒಳಗಿಟ್ಟು ಗುಂಡಿ ಒತ್ತಬಹುದು, ತೆಗೆದು ಮೇಜಿಗೆ ತಂದಿಡಬಹುದು. ಆದರೆ ಮುಚ್ಚಳ ತೆಗೆಯಕೂಡದು, ಒಳಗೆ ಚಮಚ ಹಾಕಕೂಡದು. ಹೀಗೆಂದು ಯಾರೂ ಬರೆದು ಅಂಟಿಸಿರಲಿಲ್ಲ. ಆಕೆ ಯಾವ ಬೀದಿಯವಳೆಂದು ನಮಗೆ ಗೊತ್ತಿತ್ತು, ನಾವು ಯಾವ ಬೀದಿಯವರೆಂದು ಆಕೆಗೆ ಗೊತ್ತಿತ್ತು. ಇಸವಿ ಬದಲಾಗಿತ್ತು, ನಮ್ಮ ಡಬ್ಬಿಗಳಿಗೆ ಸುದ್ದಿ ಮುಟ್ಟಿರಲಿಲ್ಲ.

ಮ್ಯಾನೇಜರ ಹೆಂಡತಿ ವಾರಕ್ಕಾಗುವಷ್ಟು ಬಿಸಿಬೇಳೆಭಾತನ್ನು ಡಬ್ಬಿಗಳಿಗೆ ಅದುಮಿ ತುಂಬಿ ಕಳಿಸುತ್ತಿದ್ದರು. ಅದು ಕಚೇರಿಯ ಫ್ರಿಜ್ಜಿನಲ್ಲಿ ಇಟ್ಟಿಗೆಯಾಗಿ ಕೂತಿರುತ್ತಿತ್ತು. ಅಕ್ಕ ಮೂರು ನಿಮಿಷ ಬಿಸಿ ಮಾಡಿ ತಂದರೆ, ಅಂಚಿನ ತುತ್ತಿಗೆ ಸಾಹೇಬರ ನಾಲಿಗೆ ಸುಡುತ್ತಿತ್ತು, ನಡುವಿನ ತುತ್ತಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ಒಂದೇ ಡಬ್ಬಿಯಲ್ಲಿ ಬೇಸಿಗೆ, ಚಳಿಗಾಲ ಎರಡನ್ನೂ ಉಂಡ ಏಕೈಕ ಅಧಿಕಾರಿ ಅವರು.

ಒಂದು ಮಧ್ಯಾಹ್ನ ಅವರ ತಾಳ್ಮೆ ಕೆಟ್ಟಿತು. "ಏನಮ್ಮ, ಒಂದು ಗುಂಡಿ ಒತ್ತೋಕೂ ಬರಲ್ವ? ಇದೇ ಥರ ಆದ್ರೆ ಒಂದನೇ ತಾರೀಖಿಂದ ಬೇರೆಯವರನ್ನ ನೋಡ್ಕೋತೀವಿ."

ಆಕೆಯ ಮನೆ ನಡೆಯುತ್ತಿದ್ದುದು ಈ ಕೂಲಿಯಿಂದಲೇ. ಆದರೂ ಅಳುಕದೆ ಹೇಳಿದಳು: "ಸುತ್ಲೂ ಕಾಯ್ತದೆ ಸಾ, ನಡುಮಧ್ಯಕ್ಕೆ ಬಿಸಿ ಓಗಕಿಲ್ಲ. ಅರ್ಧಕ್ಕೆ ನಿಲ್ಸಿ ಒಂದ್ಸಲ ಕಲಕ್ಬೇಕು. ಆಮೇಲೆ ಮುಚ್ಚಿ ವಸಿ ವೊತ್ತು ಬುಟ್ಟುಬುಡಬೇಕು, ಬಿಸಿ ಎಲ್ಲಾ ಕಡೆ ಅರೀತದೆ. ನನ್ ಸಾರನ್ನ ಅಂಗೇ ಮಾಡ್ಕಳದು. ನಿಮ್ ಡಬ್ಬಿ ಮುಚ್ಳ ತಗ್ಯಂಗಿಲ್ವಲ್ಲ."

ಸುತ್ತ ಕೂತವರೆಲ್ಲ ತಟ್ಟೆ ನೋಡಿದೆವು. ಅಷ್ಟು ದಿನ ಪರಸ್ಪರ ಹೇಳಿಕೊಳ್ಳದ್ದನ್ನು ಆಕೆ ಅಡುಗೆಯ ಮಾತಿನಷ್ಟು ಸಲೀಸಾಗಿ ಹೇಳಿಬಿಟ್ಟಿದ್ದಳು.

ಮ್ಯಾನೇಜರಿಗೆ ರೇಗಿತು. ಯಂತ್ರಕ್ಕೆ ಇಷ್ಟೆಲ್ಲ ಶಾಸ್ತ್ರ ಬೇಕಿಲ್ಲವೆಂದು ತೋರಿಸಲು ತಾವೇ ಎದ್ದು, ನುಣುಪಾದ ಹೊಸ ಗಾಜಿನ ಕಪ್ಪಿನಲ್ಲಿ ಕಾಫಿಗೆ ನೀರು ತುಂಬಿ ಓವನ್ನಿನೊಳಗಿಟ್ಟರು. ಅಕ್ಕ ನೀರು ಕಾಯಿಸುವಾಗ ಕಪ್ಪಿನೊಳಗೆ ಯಾವಾಗಲೂ ಒಂದು ಮರದ ಕಡ್ಡಿ ಇಳಿಬಿಡುತ್ತಿದ್ದಳು. ಈಗಲೂ ತಂದಳು. "ಗಲೀಜು" ಎಂದು ಸಾಹೇಬರು ಅದನ್ನು ಎಸೆದರು. ನಾಲ್ಕು ನಿಮಿಷವಾದರೂ ನೀರಿನಲ್ಲಿ ಒಂದು ಗುಳ್ಳೆ ಏಳಲಿಲ್ಲ. ಕುದಿಯಲಿಲ್ಲವೆಂದು ಇನ್ನೆರಡು ನಿಮಿಷ ಕೊಟ್ಟು, ಕಪ್ಪನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟುಕೊಂಡರು. ನೀರು ಕೊಳದಂತೆ ತೆಪ್ಪಗಿತ್ತು.

"ಪುಡಿ ಆಕ್ಬೇಡಿ ಸಾ, ಉಕ್ತದೆ. ಕಡ್ಡಿ ಇಲ್ದೆ ಗುಳ್ಳೆ ಬರ್ದಿದ್ರೂ ಕುದಿಯೋ ನೀರ್ಗಿಂತ ಜಾಸ್ತಿ ಕಾದದೆ," ಎಂದಳು.

ಸಾಹೇಬರು ಚಮಚದ ತುಂಬ ಕಾಫಿಪುಡಿ ಎತ್ತಿ ಕಪ್ಪಿನ ಮೇಲೆ ಬಾಗಿದರು. ಆಕೆ ಕೈ ಚಾಚಿ ಕಪ್ಪನ್ನು ಅವರ ಮುಖದ ಕೆಳಗಿನಿಂದ ಎಳೆಯುವುದಕ್ಕೂ ಪುಡಿ ಬೀಳುವುದಕ್ಕೂ ಸರಿಹೋಯಿತು. ನೀರೆಲ್ಲ ಭುಸ್ಸೆಂದು ಮೇಲೆದ್ದು ಆಕೆಯ ಬಲಗೈ ಮೇಲೆ ಸುರಿಯಿತು. ಸಾಹೇಬರ ಅಂಗಿಗೆ ನಾಲ್ಕು ಹನಿ ಸಿಡಿಯಿತು.

ಸಂಜೆ ಸಾಹೇಬರು ನನ್ನನ್ನು ಒಳಗೆ ಕರೆದು ವರದಿ ಬರೆಯಲು ಹೇಳಿದರು. 'ಸದರಿ ದಿನಗೂಲಿ ನೌಕರಳು ಅಜಾಗರೂಕತೆಯಿಂದ ಬಿಸಿನೀರಿನ ಕಪ್ಪನ್ನು ಎಳೆದು ಬೀಳಿಸಿದ್ದು' ಎಂದು ಬರೆದೆ. ನನ್ನ ಅಕ್ಷರ ದುಂಡಗಿದೆಯೆಂದು ಕಚೇರಿಯಲ್ಲಿ ಹೆಸರಿತ್ತು.

ಮರುದಿನ ಅಕ್ಕ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಬಂದಳು. ರಾತ್ರಿ ಶಾಲೆಯಲ್ಲಿ ತನ್ನ ಹೆಸರು ಬರೆಯುವಷ್ಟು ಕಲಿತಿದ್ದಳು, ಓದಲು ಬರುತ್ತಿರಲಿಲ್ಲ. ಈಗ ಬಲಗೈ ಆಡದ್ದರಿಂದ ವರದಿಗೆ ಸಹಿ ಹಾಕಲೂ ಆಗಲಿಲ್ಲ. ನಾನೇ ಎಡ ಹೆಬ್ಬೆಟ್ಟಿಗೆ ಮಸಿ ಹಚ್ಚಿದೆ.

"ಏನ್ ಬರ್ದಿದ್ದೀರಿ ಬುದ್ಧಿ?"

"ನಿಮ್ಮ ಕೈ ಸುಟ್ಟಿದ್ದನ್ನ ಬರ್ದಿದ್ದೀನಿ ಅಕ್ಕ," ಎಂದೆ. ಅದು ಸುಳ್ಳಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

"ನೀವು ಬರ್ದಿದ್ರೆ ಸರಿ ಬುಡಿ," ಎಂದು ಒತ್ತಿದಳು.

ಒಂದನೇ ತಾರೀಖು ಬೆಳಿಗ್ಗೆ ಆಕೆ ಎಂದಿನಂತೆ ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಇನ್ನು ಬರಬೇಡಿ ಎಂದು ಹೇಳುವ ಕೆಲಸವನ್ನೂ ಸಾಹೇಬರು ನನಗೇ ವಹಿಸಿದ್ದರು.