ಕಾಟಪ್ಪನ ಹನ್ನೆರಡು ರೂಪಾಯಿ

ಹೊಸದುರ್ಗ ರೋಡ್ ಸ್ಟೇಷನ್ನಿನ ಅಂಗಳದಲ್ಲಿ ಕಾಟಪ್ಪನಿಗೆ ತಲೆ ಕೆಟ್ಟಿದೆ ಎಂದು ಮೊದಲು ಸಾರಿದವನು ನಾನೇ, ಈ ಎತ್ತಪ್ಪ. ನಾನೂ ಅವನೂ ಜಟಕಾ ಹೊಡೆಯುವವರು. ರೈಲು ಇಳಿದವರನ್ನು ಹೊಸದುರ್ಗಕ್ಕೆ ಮುಟ್ಟಿಸುವುದು ನಮ್ಮ ಕೆಲಸ. ಮದುವೆ ಕಾಲದಲ್ಲಿ ಒಂದೇ ದಿನ ಎರಡು ರೂಪಾಯಿ ಕಂಡದ್ದುಂಟು. ಆಷಾಢದಲ್ಲಿ ನಾಲ್ಕು ದಿನ ಕಾದರೂ ನಾಲ್ಕಾಣೆ ಹುಟ್ಟದೆ ಬೀಡಿ ಸೇದಿ ಮನೆಗೆ ಹೋದದ್ದೂ ಉಂಟು.

ಕುದುರೆಗಳನ್ನು ಇಬ್ಬರೂ ಒಂದೇ ದಿನ ಕೊಂಡಿದ್ದೆವು. ಸಾಲ ಕೊಟ್ಟವರು ಸಾಹುಕಾರ ಏಕಾಂತಪ್ಪನವರು. ತಲೆಗೆ ನಲವತ್ತು ರೂಪಾಯಿ, ರೂಪಾಯಿಗೆ ತಿಂಗಳಿಗೆ ಒಂದಾಣೆ ಬಡ್ಡಿ, ಕುದುರೆಯ ಮೇಲೆ ಪತ್ರ. ವೈಶಾಖ ಮುಗಿಯುವ ಹೊತ್ತಿಗೆ ಇಬ್ಬರದೂ ಮೂವತ್ತು ಬಾಕಿ ಉಳಿದಿತ್ತು. ಆ ವರ್ಷ ಮುಹೂರ್ತಗಳು ಒಂದರ ಹಿಂದೆ ಒಂದು ಬಂದಿದ್ದರಿಂದ ಇಬ್ಬರ ಕೈಯಲ್ಲೂ ಮೂವತ್ತು ಕೂಡಿತ್ತು. ಮುಂದೇನು ಎಂದು ಯೋಚಿಸುವ ಅಗತ್ಯವೇ ನನಗೆ ಕಾಣಲಿಲ್ಲ. ಹೋಗಿ ಪೂರ್ತಿ ಕಟ್ಟಿದೆ. ಸಾಹುಕಾರರು ಪತ್ರ ಹರಿದು ಕೈಗೆ ಕೊಟ್ಟರು. ಆ ಚೂರುಗಳನ್ನು ರುಮಾಲಿನಲ್ಲಿ ಗಂಟು ಕಟ್ಟಿಕೊಂಡು ಸ್ಟೇಷನ್ನಿನಲ್ಲಿ ಕಂಡಕಂಡವರಿಗೆಲ್ಲ ತೋರಿಸಿದೆ. ಹಮಾಲಿಗಳಿಗೆ ಎರಡೆರಡು ಸಲ ತೋರಿಸಿದೆ.

ಕಾಟಪ್ಪ ಕಟ್ಟಿದ್ದು ಹದಿನೆಂಟು. ಉಳಿದ ಹನ್ನೆರಡನ್ನು ಅವನ ಹೆಂಡತಿ ತಿಪ್ಪಕ್ಕ ಹುರುಳಿ ಗಡಿಗೆಯ ತಳದಲ್ಲಿಟ್ಟು ಮೇಲೆ ಹುರುಳಿ ಸುರಿದಳಂತೆ.

"ಲೇ ಕಾಟ, ದುಡ್ಡು ಮನೇಲಿ ಮಲಗೈತೆ, ಬಡ್ಡಿ ಊರೆಲ್ಲ ತಿರುಗ್ತೈತೆ. ತಿಂಗಳಿಗೆ ಹನ್ನೆರಡಾಣೆ ಸುಮ್‌ಸುಮ್ನೆ ಕೊಡ್ತೀಯಲ್ಲೋ, ನಿಂಗೇನ್ ಬಂದೈತೆ?" ಎಂದೆ.

"ನಾನೂ ಅದನ್ನೇ ಕೇಳ್ದೆ ಕಣಪ್ಪ. ಅವಳು ಲೆಕ್ಕ ಹೇಳಿದ್ಲು. ಕುದುರೆ ಹುರುಳಿ ಹುಲ್ಲಿಗೆ, ಲಾಳಕ್ಕೆ ಎಂಟು. ನಮ್ ರಾಗಿಗೆ ನಾಕು. ಬಾಡಿಗೆ ಒಂದೂ ಸಿಗದಿದ್ರೂ ಒಂದ್ ತಿಂಗಳು ದಾಟತೈತೆ ಅಂದ್ಲು. ಮುಟ್ಟಿದ್ರೆ ಮೊದ್ಲು ಗಡಿಗೆ ತುಂಬಬೇಕಂತೆ, ಆಮೇಲೆ ಸಾಹುಕಾರ್ರಂತೆ."

"ಬೇಕಾದ್ರೆ ಮತ್ತೆ ಸಾಲ ತಂದ್ರಾಯ್ತಪ್ಪ! ಸಾಹುಕಾರ್ರೇನು ಊರು ಬಿಟ್ಟೋಗ್ತಾರಾ?"

"ಅದನ್ನೂ ಹೇಳ್ದೆ. ಬೇಕಾದಾಗ ಕೊಡೋರು ಬೇಡದಿದ್ದಾಗ ಮಾತ್ರ ಸಿಗ್ತಾರೆ ಅಂದ್ಲು."

ಹೆಂಗಸಿನ ಮಾತು ಕೇಳಿ ಬಡ್ಡಿ ಕಟ್ಟುವ ಗಂಡಸು ಎಂದು ನಾನು ನಕ್ಕೆ. ಅಂಗಳದವರೂ ನಕ್ಕರು. ಅವನ ಹೆಸರು 'ಹನ್ನೆರಡಾಣೆ ಕಾಟಪ್ಪ' ಎಂದಾಯಿತು. ಇಟ್ಟವನು ನಾನು. ಅವನು ಬೇಸರ ಮಾಡಿಕೊಳ್ಳಲಿಲ್ಲ. ಪ್ರತಿ ತಿಂಗಳು ಹನ್ನೆರಡಾಣೆ ಎಣಿಸಿ ಕೊಟ್ಟು ಬಂದು, ಕುದುರೆಗೆ ಹುಲ್ಲು ಹಾಕಿ, ಅದರ ಪಕ್ಕದಲ್ಲೇ ಕುಳಿತು ಸರದಿ ಕಾಯುತ್ತಿದ್ದ.

ಆಷಾಢ ಬಂತು. ಹದಿಮೂರು ದಿನ ನನಗೆ ಸಿಕ್ಕಿದ್ದು ಮೂರು ಬಾಡಿಗೆ. ಮನೆಯಲ್ಲಿ ರಾಗಿ ಮುಗಿದು ಎರಡು ದಿನವಾಗಿತ್ತು. ನನ್ನ ಹೆಂಡತಿ ನೆರೆಮನೆಯಿಂದ ಕಡ ತಂದಿದ್ದಳು. ಕುದುರೆ ಚಂದ್ರಿಗೆ ಹುರುಳಿ ಅರ್ಧಕ್ಕೆ ಇಳಿದಿತ್ತು. ಆಗಲಾದರೂ ಸಾಹುಕಾರರ ಹತ್ತಿರ ಐದು ರೂಪಾಯಿ ಕೇಳಬಹುದಿತ್ತು. ಹರಿದ ಪತ್ರ ಊರಿಗೆಲ್ಲ ತೋರಿಸಿದ ಮೇಲೆ ಯಾವ ಮುಖ ಇಟ್ಟುಕೊಂಡು ಹೋಗುವುದು? ಹೋಗಲಿಲ್ಲ. ನಾಳೆ ಬಾಡಿಗೆ ಬರುತ್ತದೆ ಎಂದುಕೊಂಡೆ.

ಬಂತು. ಮಧ್ಯಾಹ್ನದ ರೈಲಿಗೆ ಒಬ್ಬ ಗುಮಾಸ್ತ ಇಳಿದ. ಕಂಕುಳಲ್ಲಿ ಕಾಗದದ ಗಂಟು. ಸಂಜೆಯೊಳಗೆ ಹೊಸದುರ್ಗದ ಕಚೇರಿ ಸೇರಲೇಬೇಕಂತೆ. ಬೆಳಿಗ್ಗೆಯಿಂದ ಮಳೆ ಹೊಡೆದು ದಾರಿಯ ಹಳ್ಳ ಏರಿದೆ ಎಂಬ ಸುದ್ದಿ ಆಗಲೇ ಬಂದಿತ್ತು. ಸರದಿ ಕಾಟಪ್ಪನದು.

"ಹಳ್ಳ ಬಂದೈತ್ರಿ ಸ್ವಾಮಿ. ಇವತ್ತು ಆಗಲ್ಲ. ನಾಳೆ ಹೊತ್ತಾರೆ ಹೋಗಾಣ, ಇಲ್ಲೇ ಛತ್ರದಾಗೆ ಮಲಗ್ರಿ."

"ಎರಡು ರೂಪಾಯಿ ಕೊಡ್ತೇನೆ."

"ಆಗಲ್ರಿ."

"ಮೂರು!"

ಒಂದೂಕಾಲು ರೂಪಾಯಿ ಬಾಡಿಗೆಯ ದಾರಿ ಅದು. ಕಾಟಪ್ಪ ಹಳ್ಳದ ದಿಕ್ಕಿಗೊಮ್ಮೆ ನೋಡಿದ, ತನ್ನ ಕುದುರೆಯನ್ನೊಮ್ಮೆ ನೋಡಿದ. ಆಮೇಲೆ ನನ್ನನ್ನೂ ನೋಡಿದ. "ಆಗಲ್ರಿ ಸ್ವಾಮಿ, ಬೇಜಾರ್ ಮಾಡ್ಕಬೇಡ್ರಿ" ಎಂದ.

"ಬರ್ರಿ ಸ್ವಾಮಿ, ಹತ್ರಿ," ಎಂದು ನಾನು ಲಗಾಮು ಹಿಡಿದೆ. ಧೈರ್ಯ ಅಂತ ಯಾರೂ ತಿಳಿಯಬಾರದು. ಮೂರು ರೂಪಾಯಿ ಎಂದರೆ ನನ್ನ ಮನೆಗೆ ಹದಿನೈದು ದಿನದ ಹಿಟ್ಟು. ಅಷ್ಟೇ.

ಹಳ್ಳದ ನಡುವೆ ಚಂದ್ರಿಯ ಮುಂಗಾಲು ಎರಡು ಬಂಡೆಗಳ ಸಂದಿಗೆ ಸಿಕ್ಕಿತು. ಹೊಟ್ಟೆ ತುಂಬ ತಿಂದ ಕುದುರೆಯಾಗಿದ್ದರೆ ಎಳೆದುಕೊಂಡು ಏಳುತ್ತಿತ್ತೋ ಏನೋ. ಅದು ಏಳಲಿಲ್ಲ. ಕಾಲು ಮುರಿಯಿತು, ನೀರು ಅದನ್ನು ಮಗ್ಗುಲಿಗೆ ಕೆಡವಿತು. ನಾನು ಕತ್ತು ಹಿಡಿದು ತಲೆ ಮೇಲೆತ್ತಿ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಗುಮಾಸ್ತ ಸೊಂಟದವರೆಗಿನ ನೀರಿನಲ್ಲಿ ನಡೆದು ಆಚೆ ದಡ ಸೇರಿದ. ಕಾಗದದ ಗಂಟು ನೆನೆಯಲಿಲ್ಲ. ಚಂದ್ರಿಯ ಉಸಿರು ನಿಂತ ಮೇಲೆ ನಾನೂ ಆ ದಡಕ್ಕೆ ಬಂದಾಗ, ಅರ್ಧ ದಾರಿಯಾಯಿತಲ್ಲ ಎಂದು ಒಂದೂವರೆ ರೂಪಾಯಿ ಎಣಿಸಿ ಕೊಟ್ಟ. ಲೆಕ್ಕದ ಮನುಷ್ಯ. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಹೆಂಡತಿ ತವರಿಗೆ ಹೋದಾಗಲೂ ನನ್ನ ಜೊತೆಗಿದ್ದ ಜೀವ ಅದು.

ಮೂರನೆಯ ದಿನ ಏಕಾಂತಪ್ಪನವರ ಅಂಗಡಿಗೆ ಹೋದೆ. ಹೊಸ ಕುದುರೆಗೆ ನಲವತ್ತು ಕೇಳಿದೆ.

"ಬಾರಪ್ಪ ಎತ್ತಪ್ಪ, ಕುಂತ್ಕ. ನಿನ್ನಂಗೆ ಚುಕ್ತಾ ಮಾಡಿದೋನು ಇನ್ನೊಬ್ಬನಿಲ್ಲ," ಎಂದು ಮಜ್ಜಿಗೆ ತರಿಸಿದರು. ಕುಡಿದೆ. "ಪತ್ರ ಯಾವುದರ ಮ್ಯಾಲೆ ಬರಿಯಾಣ?"

"ಕೊಳ್ಳೋ ಕುದುರೆ ಮ್ಯಾಲೆ ಬರ್ಕಳ್ರಿ. ಹೋದ್ಸಲ ಹಂಗೇ ಮಾಡಿದ್ರಲ್ಲ."

"ಹೋದ್ಸಲ ನಿನ್ ಕೈಯಾಗೆ ನಿಂದೇ ಇಪ್ಪತ್ತಿತ್ತು, ಮ್ಯಾಲೆ ನಲವತ್ತು ನಾನು ಹಾಕ್ದೆ. ಈಗೇನೈತೆ?"

ಒಂದೂವರೆ ರೂಪಾಯಿ ಇತ್ತು. ಅದರಲ್ಲೂ ರಾಗಿಗೆ ಹತ್ತಾಣೆ ಹೋಗಿತ್ತು. ನಾನು ಒಂದೂವರೆ ತಿಂಗಳ ಹಿಂದೆ ಅದೇ ಜಗಲಿಯ ಮೇಲೆ ಎಣಿಸಿಟ್ಟ ಮೂವತ್ತು ಅವರ ಪೆಟ್ಟಿಗೆಯಲ್ಲಿತ್ತು. ಅದನ್ನು ವಾಪಸ್ ಕೇಳಲು ನನಗೆ ಯಾವ ಹಕ್ಕೂ ಇರಲಿಲ್ಲ. ತಪ್ಪು ಅವರದಲ್ಲ. ಆದರೂ ಸಿಟ್ಟು ಬಂತು. ಮಜ್ಜಿಗೆಯ ಲೋಟ ಕುಕ್ಕಿ ಇಟ್ಟು ಎದ್ದು ಬಂದೆ.

ಈಗ ನಾನು ಸ್ಟೇಷನ್ನಿನಲ್ಲಿ ಮೂಟೆ ಹೊರುತ್ತೇನೆ. ಕಾಟಪ್ಪ ಆಷಾಢದ ಉಳಿದ ದಿನಗಳಲ್ಲಿ ಗಡಿಗೆಯಿಂದ ಏಳು ರೂಪಾಯಿ ತೆಗೆದು, ಶ್ರಾವಣ ಭಾದ್ರಪದದಲ್ಲಿ ಅದನ್ನು ತುಂಬಿ, ಆಮೇಲೆ ಬಂದದ್ದರಲ್ಲಿ ಸ್ವಲ್ಪಸ್ವಲ್ಪ ಸಾಹುಕಾರರಿಗೆ ಕೊಟ್ಟು ಕಾರ್ತಿಕದಲ್ಲಿ ಚುಕ್ತಾ ಮಾಡಿದ. ಒಟ್ಟು ಬಡ್ಡಿ ನಾಲ್ಕು ರೂಪಾಯಿ ಚಿಲ್ಲರೆ ಹೆಚ್ಚಿಗೆ ಕೊಟ್ಟ. ಪತ್ರ ಯಾರಿಗೂ ತೋರಿಸಲಿಲ್ಲ.

ಚುಕ್ತಾ ಮಾಡಿದ ದಿನ ಸಂಜೆಯ ರೈಲು ತಡವಾಗಿತ್ತು. ಮೂಟೆಗಳ ಮೇಲೆ ನನ್ನ ಪಕ್ಕ ಬಂದು ಕೂತ.

"ಎತ್ತಪ್ಪ, ಆವತ್ತು ನೀನು ಹೊಂಟಾಗ ಒಂದ್ ಮಾತು ಬಾಯಿಗೆ ಬಂದಿತ್ತು."

"ಏನು?"

"ನಮ್ ಗಡಿಗೇಲಿ ಎರಡು ರೂಪಾಯಿ ತಗಾ, ಹೋಗಬ್ಯಾಡ ಅಂತ."

ನಾನು ಅವನ ಮುಖ ನೋಡಿದೆ.

"ಹೇಳ್ಲಿಲ್ಲ," ಎಂದ. "ಎರಡು ಕೊಟ್ರೆ ಹತ್ತೇ ಉಳೀತೈತಲ್ಲ ಅಂತ ಲೆಕ್ಕ ಹಾಕ್ತಾ ನಿಂತೆ. ಅಷ್ಟರಾಗೆ ನಿನ್ ಜಟಕಾ ತಿರುವು ದಾಟಿತ್ತು."

ಕಪಾಳಕ್ಕೆ ಹೊಡೆಯಬೇಕೆನ್ನಿಸಿತು. ನಿಜವಾಗಿ ಕೈ ಎತ್ತಿದೆ ಕೂಡ. ಅವನು ತಪ್ಪಿಸಿಕೊಳ್ಳಲಿಲ್ಲ.

"ನೀನು ಕೊಟ್ಟಿದ್ರೂ ನಾನು ತಗತಿರ್ಲಿಲ್ಲ ಕಣೋ," ಎಂದೆ.

ಅದು ಸುಳ್ಳು. ತೆಗೆದುಕೊಳ್ಳುತ್ತಿದ್ದೆ.